ಮಕ್ಕಳಿಗೆ ಟೆಲಿಸ್ಕೋಪ್ ಕೊಳ್ಳುವ ಮೊದಲು: ಡಬ್ಬದ ಮೇಲಿನ 525× ಬಿಟ್ಟು ಬೇರೆ ಏನು ನೋಡಬೇಕು?

ನನ್ನ ಅಕ್ಕ ತುಮಕೂರಿನಲ್ಲಿದ್ದಾಳೆ. ಅವಳ ಮಗಳಿಗೆ ಎಂಟು ತುಂಬಿದ ದಿನ ಮನೆಗೆ ಒಂದು ಟೆಲಿಸ್ಕೋಪ್ ಬಂತು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 525× ಎಂದು ಬರೆದಿತ್ತು, ಅಂದರೆ 525 ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು. ಪಕ್ಕದಲ್ಲಿ ಶನಿಗ್ರಹದ ಬಣ್ಣದ ಚಿತ್ರ. ಸಂಜೆ ನಾನು ಹೋದಾಗ ಹುಡುಗಿ ತಾರಸಿಯ ಮೇಲೆ ಅರ್ಧ ಗಂಟೆಯಿಂದ ಚಂದ್ರನನ್ನು ಹುಡುಕುತ್ತಿದ್ದಳು. ಚಂದ್ರನೋ ನೆತ್ತಿಯ ಹತ್ತಿರ ಬೆಳಗುತ್ತಿದ್ದ. "ಮಾಮ, ಒಂದ್ಸಲ ಬೆಳ್ಳಗೆ ಏನೋ ಬಂತು. ಮುಟ್ಟಿದ ತಕ್ಷಣ ಹೋಯ್ತು" ಎಂದಳು. ಕಣ್ಣಲ್ಲಿ ನೀರು ತುಂಬಿತ್ತು.

ಆ ಟೆಲಿಸ್ಕೋಪಿನ ಕನ್ನಡಿ ಕೆಟ್ಟದ್ದೇನಲ್ಲ. ಅದನ್ನೇ ಇಟ್ಟುಕೊಂಡು ಅದೇ ರಾತ್ರಿ ಅವಳಿಗೆ ಚಂದ್ರನ ಕುಳಿಗಳನ್ನು ತೋರಿಸಿದೆ. ಹಾಳಾಗಿದ್ದದ್ದು ಎರಡು ಕಡೆ. ಒಂದು, ಎಷ್ಟು ದೊಡ್ಡದಾಗಿ ತೋರಿಸಬೇಕು ಎಂಬ ಲೆಕ್ಕ. ಇನ್ನೊಂದು, ಅದನ್ನು ಹೊತ್ತ ಸ್ಟ್ಯಾಂಡು. ಮಕ್ಕಳಿಗೆ ಬೈನಾಕ್ಯುಲರ್ ಅಥವಾ ಟೆಲಿಸ್ಕೋಪ್ ಕೊಳ್ಳುವವರು ಸಾಮಾನ್ಯವಾಗಿ ಎಡವುವುದು ಈ ಎರಡರಲ್ಲೇ. ಹಾಗಾಗಿ ಅಕ್ಕನ ಮನೆಯ ಆ ಡಬ್ಬವನ್ನೇ ಮುಂದಿಟ್ಟುಕೊಂಡು ಹೇಳುತ್ತಾ ಹೋಗುತ್ತೇನೆ.

ಮೊದಲು ಬಾಯಿಯ ಅಗಲ ನೋಡಿ

ಟೆಲಿಸ್ಕೋಪಿನ ಮುಖ್ಯ ಕೆಲಸ ದೊಡ್ಡದು ಮಾಡುವುದಲ್ಲ, ಬೆಳಕು ಕೂಡಿಸುವುದು. ಮಳೆನೀರು ಹಿಡಿಯಲು ಚೊಂಬಿಗಿಂತ ಹಂಡೆ ಇಡುವುದು ಮೇಲು, ಅಲ್ವಾ? ಬಾಯಿ ಎಷ್ಟು ಅಗಲವೋ ಅಷ್ಟು ನೀರು. ಇಲ್ಲಿಯೂ ಹಾಗೆಯೇ. ಮುಂದಿನ ಲೆನ್ಸ್ ಅಥವಾ ಒಳಗಿನ ದೊಡ್ಡ ಕನ್ನಡಿಯ ಅಗಲಕ್ಕೆ ಅಪರ್ಚರ್ ಎನ್ನುತ್ತಾರೆ. ಅದನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ.

ಕತ್ತಲಿಗೆ ಹೊಂದಿಕೊಂಡ ಮಗುವಿನ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ತೆರೆಯುತ್ತದೆ. 50 ಮಿ.ಮೀ. ಲೆನ್ಸ್ ಅದರ ಸುಮಾರು ಐವತ್ತು ಪಟ್ಟು ಬೆಳಕು ತರುತ್ತದೆ. 76 ಮಿ.ಮೀ. ಕನ್ನಡಿ ನೂರು ಪಟ್ಟು ದಾಟುತ್ತದೆ. 130 ಮಿ.ಮೀ. ಆದರೆ ಮುನ್ನೂರು ಪಟ್ಟಿಗೂ ಜಾಸ್ತಿ. ಅಗಲ ಎರಡು ಪಟ್ಟಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಬೆಳಕಷ್ಟೇ ಅಲ್ಲ, ಅಗಲ ಹೆಚ್ಚಿದಂತೆ ಸೂಕ್ಷ್ಮ ವಿವರವೂ ಹೆಚ್ಚು ಕಾಣುತ್ತದೆ.

ಅಂಗಡಿಯಲ್ಲಿ ಈ ಸಂಖ್ಯೆ ಎಲ್ಲಿರುತ್ತದೆ? ಟೆಲಿಸ್ಕೋಪಿನ ಮೇಲೆ ಕಣ್ಣಿಡುವ ಜಾಗದ ಹತ್ತಿರ ಅಥವಾ ಮುಂದಿನ ಅಂಚಿನಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ D=76, F=700 ಎಂದಿರುತ್ತದೆ. D ಎಂದರೆ ಬಾಯಿಯ ಅಗಲ. F ಎಂದರೆ ನಾಭಿದೂರ, ಅಂದರೆ ಬೆಳಕು ಒಂದು ಕಡೆ ಸೇರಲು ಬೇಕಾದ ದೂರ. ಅಗ್ಗದ ಮಾದರಿಗಳಲ್ಲಿ ಮಾದರಿ ಸಂಖ್ಯೆಯಲ್ಲೇ ಇವೆರಡನ್ನೂ ಸೇರಿಸಿರುವುದುಂಟು. 70076 ಎಂದರೆ 700 ನಾಭಿದೂರ, 76 ಅಗಲ. 36050 ಎಂದರೆ 360 ನಾಭಿದೂರ, 50 ಅಗಲ. ಡಬ್ಬದ ಮೇಲೆ ಎಲ್ಲೂ ಅಪರ್ಚರ್ ಬರೆದೇ ಇಲ್ಲ, ಬರೀ ಎಷ್ಟು ಪಟ್ಟು ಅಂತ ಬರೆದಿದೆ ಎಂದಾದರೆ ಅದನ್ನು ವಾಪಸ್ ಇಡಿ.

ಒಂದು ಕಡೆ ಮಾತ್ರ ಹುಷಾರಾಗಿರಬೇಕು. ಕೆಲವು ಚಿಕ್ಕ ಲೆನ್ಸ್ ಟೆಲಿಸ್ಕೋಪುಗಳಲ್ಲಿ ಮುಂದಿನ ಲೆನ್ಸ್ 50 ಮಿ.ಮೀ. ಇದ್ದರೂ ಕೊಳವೆಯ ಒಳಗೆ ತೂತಿರುವ ಒಂದು ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ. ಲೆನ್ಸಿನ ಅಂಚಿನ ದೋಷ ಮುಚ್ಚಲು ಅದನ್ನು ಹಾಕುತ್ತಾರೆ. ಆಗ ಕೆಲಸ ಮಾಡುವ ಅಗಲ 50 ಅಲ್ಲ, ಆ ತೂತಿನಷ್ಟೇ. ಮುಂದಿನಿಂದ ಟಾರ್ಚ್ ಬಿಟ್ಟು ಇಣುಕಿದರೆ, ಲೆನ್ಸಿನ ಹಿಂದೆಯೇ ಕಿರಿದಾದ ಉಂಗುರವಿದ್ದರೆ ಕಾಣುತ್ತದೆ.

525× ಎಲ್ಲಿಂದ ಬಂತು?

ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಟೆಲಿಸ್ಕೋಪಿನ ಗುಣವೇ ಅಲ್ಲ. ಅದು ನಾವು ಸಿಕ್ಕಿಸುವ ಐಪೀಸನ್ನು ಅವಲಂಬಿಸಿದೆ. ಐಪೀಸ್ ಎಂದರೆ ಕಣ್ಣಿಡುವ ಪುಟ್ಟ ಲೆನ್ಸು. ಅದರ ಮೇಲೂ ಒಂದು ಸಂಖ್ಯೆ ಇರುತ್ತದೆ. ಲೆಕ್ಕ ಸುಲಭ:

```
ಎಷ್ಟು ಪಟ್ಟು = ಟೆಲಿಸ್ಕೋಪಿನ ನಾಭಿದೂರ ÷ ಐಪೀಸಿನ ಸಂಖ್ಯೆ
```

ಅಕ್ಕನ ಮನೆಯ ಡಬ್ಬದಲ್ಲಿ ಮೂರು ಐಪೀಸ್ ಇದ್ದವು: 20, 12.5 ಮತ್ತು 4. ನಾಭಿದೂರ 700, ಅಗಲ 76. ಹಾಗಾದರೆ 20ರದ್ದು ಹಾಕಿದರೆ 35 ಪಟ್ಟು. 12.5ರದ್ದು ಹಾಕಿದರೆ 56 ಪಟ್ಟು. 4ರದ್ದು ಹಾಕಿದರೆ 175 ಪಟ್ಟು. ಜೊತೆಗೆ 3× ಎಂದು ಬರೆದ ಇನ್ನೊಂದು ಪ್ಲಾಸ್ಟಿಕ್ ಕೊಳವೆ ಇತ್ತು. ಅದು ಬಾರ್ಲೋ ಲೆನ್ಸ್. ಐಪೀಸಿಗೆ ಮೊದಲು ಅದನ್ನು ಸಿಕ್ಕಿಸಿದರೆ ಪಟ್ಟು ಮೂರರಷ್ಟಾಗುತ್ತದೆ. 175ನ್ನು 3ರಿಂದ ಗುಣಿಸಿ. 525 ಬಂತು.

ಲೆಕ್ಕ ಸರಿಯಾಗಿಯೇ ಇದೆ. ಆದರೆ ಕಾಣುವುದೇನು? ಒಂದು ಅಗಲದ ಕನ್ನಡಿ ತರುವ ವಿವರಕ್ಕೆ ಮಿತಿ ಇದೆ. ಗಾಳಿ ನಿಶ್ಚಲವಾಗಿದ್ದು ಎಲ್ಲವೂ ಕೂಡಿಬಂದ ರಾತ್ರಿಯಲ್ಲಿ, ಪ್ರತಿ ಮಿಲಿಮೀಟರ್ ಅಗಲಕ್ಕೆ ಎರಡು ಪಟ್ಟು ಎಂಬುದು ಮೇಲಿನ ಗಡಿ. 76 ಮಿ.ಮೀ.ಗೆ 152 ಪಟ್ಟು. ಅಗ್ಗದ ಐಪೀಸಿನ ಜೊತೆ ನಮ್ಮ ತಾರಸಿಯ ಮೇಲೆ ಅದರ ಅರ್ಧ ಸಿಕ್ಕರೆ ಸಂತೋಷ. ಅಂದರೆ ಒಂದು ಮಿಲಿಮೀಟರಿಗೆ ಒಂದು ಪಟ್ಟು ಎಂದಿಟ್ಟುಕೊಳ್ಳಿ. ಅಂಗಡಿಯಲ್ಲಿ ನಿಂತಾಗ ಇದೇ ಲೆಕ್ಕ ಸಾಕು. ಡಬ್ಬ ಅಗಲದ ಎರಡು ಪಟ್ಟಿಗಿಂತ ಹೆಚ್ಚು ಹೇಳಿದರೆ ಆ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. 76 ಮಿ.ಮೀ.ಗೆ 525 ಎಂದರೆ ಅಗಲದ ಸುಮಾರು ಏಳು ಪಟ್ಟು.

ಮಿತಿ ದಾಟಿದರೆ ಮೂರು ಸಂಗತಿ ಒಟ್ಟಿಗೆ ಆಗುತ್ತವೆ. ಮೊದಲನೆಯದು, ಚಿತ್ರ ಮಂಕಾಗುತ್ತದೆ. 35ರಿಂದ 525ಕ್ಕೆ ಹೋದರೆ ಹದಿನೈದು ಪಟ್ಟು ದೊಡ್ಡದಾಯಿತು. ಇದ್ದ ಅಷ್ಟೇ ಬೆಳಕು 225 ಪಟ್ಟು ಜಾಗಕ್ಕೆ ಹರಡಿತು. ಎರಡನೆಯದು, ಕಾಣುವ ಆಕಾಶದ ತುಂಡು ಚಿಕ್ಕದಾಗುತ್ತದೆ. ಇಂಥ ಐಪೀಸಿನಲ್ಲಿ 35 ಪಟ್ಟಿಗೆ ಇಡೀ ಚಂದ್ರ ಆರಾಮಾಗಿ ಕೂರುತ್ತಾನೆ, ಸುತ್ತ ಜಾಗವೂ ಉಳಿಯುತ್ತದೆ. 525 ಪಟ್ಟಿಗೆ ಚಂದ್ರನ ಅಗಲದ ಸುಮಾರು ಏಳರಲ್ಲಿ ಒಂದು ಭಾಗ ಮಾತ್ರ ಕಾಣುತ್ತದೆ. ಎಂಟು ವರ್ಷದ ಮಗು ಅಷ್ಟು ಸಣ್ಣ ಕಿಂಡಿಯಿಂದ ಚಂದ್ರನನ್ನು ಹುಡುಕಬೇಕು. ಮೂರನೆಯದು, ಭೂಮಿ ತಿರುಗುತ್ತಿರುವುದರಿಂದ ಆಕಾಶ ಸರಿಯುತ್ತಿರುತ್ತದೆ. 35 ಪಟ್ಟಿನಲ್ಲಿ ಒಂದು ನಕ್ಷತ್ರ ನೋಟದ ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗಲು ನಾಲ್ಕು ನಿಮಿಷಕ್ಕೂ ಹೆಚ್ಚು ಬೇಕು. 525 ಪಟ್ಟಿನಲ್ಲಿ ಇಪ್ಪತ್ತು ಸೆಕೆಂಡೂ ಇಲ್ಲ. ನೀವು ನೋಡಿ, ಪಕ್ಕಕ್ಕೆ ಸರಿದು, ಮಗುವನ್ನು ನಿಲ್ಲಿಸುವಷ್ಟರಲ್ಲಿ ಚಂದ್ರ ಹೋಗಿಯಾಯಿತು.

ಹಾಗಾದರೆ ನೋಡಬೇಕಾದ್ದನ್ನು ನೋಡಲು ಎಷ್ಟು ಬೇಕು? ಇದನ್ನು ತಿಳಿದರೆ ದೊಡ್ಡ ಸಂಖ್ಯೆಯ ಆಸೆ ತಾನಾಗಿ ಹೋಗುತ್ತದೆ. ಚಂದ್ರನ ಕುಳಿಗಳಿಗೆ 20 ಪಟ್ಟು ಸಾಕು, 50 ಆದರೆ ಹಬ್ಬ. ಗುರುವಿನ ನಾಲ್ಕು ದೊಡ್ಡ ಉಪಗ್ರಹಗಳು 10 ಪಟ್ಟಿನ ಬೈನಾಕ್ಯುಲರಿನಲ್ಲೇ ಕಾಣುತ್ತವೆ, ಅಲುಗದಂತೆ ಇಟ್ಟರೆ. 1610ರ ಜನವರಿಯಲ್ಲಿ ಗೆಲಿಲಿಯೋ ಅವನ್ನು ಕಂಡದ್ದು ಸುಮಾರು 20 ಪಟ್ಟಿನ ಸಾಧನದಲ್ಲಿ. ಶನಿಯ ಉಂಗುರ ಗ್ರಹದಿಂದ ಬೇರೆಯಾಗಿ ಕಾಣಲು 30ರಿಂದ 50. ಗುರು ಭೂಮಿಗೆ ಹತ್ತಿರವಿದ್ದಾಗ 45 ಪಟ್ಟಿಗೆಲ್ಲ ಬರಿಗಣ್ಣಿನ ಚಂದ್ರನಷ್ಟು ದೊಡ್ಡದಾಗಿಬಿಡುತ್ತದೆ.

ಆದ್ದರಿಂದ ಡಬ್ಬದಲ್ಲಿ 20 ಅಥವಾ 25ರ ಐಪೀಸ್ ಒಂದು, 10ರ ಆಸುಪಾಸಿನದು ಒಂದು ಇದ್ದರೆ ಸಾಕು. ಐಪೀಸಿನ ಕೊಳವೆಯ ಅಗಲ 1.25 ಇಂಚು ಇರಬೇಕು. ಹಳೆಯ ಸಣ್ಣ ಅಳತೆ 0.965 ಇಂಚಿನದಾದರೆ ಮುಂದೆ ಒಳ್ಳೆಯ ಐಪೀಸ್ ಕೊಂಡು ಹಾಕಲು ಕಷ್ಟ. ಅಕ್ಕನ ಮನೆಯಲ್ಲಿ ನಾನು ಮಾಡಿದ ಮೊದಲ ಕೆಲಸ ಎಂದರೆ 4ರ ಐಪೀಸನ್ನೂ ಬಾರ್ಲೋವನ್ನೂ ತೆಗೆದು ಬೀರುವಿನಲ್ಲಿಟ್ಟದ್ದು.

ಇನ್ನೊಂದು ಮಾತನ್ನು ಮಗುವಿಗೆ ಮೊದಲೇ ಹೇಳಿಬಿಡಿ. ಡಬ್ಬದ ಮೇಲಿನ ಬಣ್ಣದ ಚಿತ್ರಗಳು ಬಾಹ್ಯಾಕಾಶ ನೌಕೆಗಳೂ ದೊಡ್ಡ ದೂರದರ್ಶಕಗಳೂ ತೆಗೆದವು. ನಿಮ್ಮ ಐಪೀಸಿನಲ್ಲಿ ಶನಿ ಒಂದು ಪುಟ್ಟ, ತಿಳಿ ಹಳದಿ ಬೊಟ್ಟು. ಅದಕ್ಕೆ ಉಂಗುರ. ಆ ಉಂಗುರವೂ ಎಲ್ಲ ವರ್ಷ ಒಂದೇ ಥರ ಇರುವುದಿಲ್ಲ. 2025ರಲ್ಲಿ ಅದು ನಮಗೆ ಅಂಚಿನಿಂದ, ಗೆರೆಯ ಹಾಗೆ ಕಂಡಿತು. ವರ್ಷದಿಂದ ವರ್ಷಕ್ಕೆ ವಾಲುತ್ತಾ 2032ರ ಹೊತ್ತಿಗೆ ಪೂರ್ತಿ ತೆರೆದುಕೊಳ್ಳುತ್ತದೆ. ಉಂಗುರ ತೆಳ್ಳಗೆ ಕಂಡರೆ ಟೆಲಿಸ್ಕೋಪ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಸ್ಟ್ಯಾಂಡ್: ಒಂದು ತಟ್ಟು ತಟ್ಟಿ ಎಣಿಸಿ

35 ಪಟ್ಟು ದೊಡ್ಡದಾಗಿ ಕಾಣುವಾಗ ಅಲುಗಾಟವೂ 35 ಪಟ್ಟು ದೊಡ್ಡದಾಗಿ ಕಾಣುತ್ತದೆ. ಹುಡುಗಿ ಹೇಳಿದ "ಮುಟ್ಟಿದ ತಕ್ಷಣ ಹೋಯ್ತು" ಎಂಬ ಮಾತಿನ ಅರ್ಥ ಅದೇ. ಮಕ್ಕಳ ಟೆಲಿಸ್ಕೋಪುಗಳಲ್ಲಿ ಕನ್ನಡಿ, ಲೆನ್ಸುಗಳು ಒಂದು ಮಟ್ಟಕ್ಕೆ ಚೆನ್ನಾಗಿಯೇ ಇರುತ್ತವೆ. ಉಳಿತಾಯ ಮಾಡುವುದು ಕಾಲುಗಳಲ್ಲಿ.

ಪರೀಕ್ಷೆ ಹೀಗೆ. ಅಂಗಡಿಯಲ್ಲಾಗಲಿ, ಮನೆಗೆ ತರಿಸಿ ವಾಪಸ್ ಮಾಡುವ ಅವಧಿಯೊಳಗಾಗಲಿ, ಟೆಲಿಸ್ಕೋಪನ್ನು ಜೋಡಿಸಿ. ದೂರದ ಬೋರ್ಡೋ ಟವರೋ ಐಪೀಸಿನಲ್ಲಿ ಕಾಣುವಂತೆ ಮಾಡಿ. ಬೆರಳಿನಿಂದ ಕೊಳವೆಯನ್ನು ಮೆಲ್ಲಗೆ ಒಮ್ಮೆ ತಟ್ಟಿ. ಚಿತ್ರ ನಡುಗಿ ನಿಲ್ಲುವವರೆಗೆ ಎಣಿಸಿ. ಎರಡು ಸೆಕೆಂಡಿನಲ್ಲಿ ನಿಂತರೆ ಒಳ್ಳೆಯ ಸ್ಟ್ಯಾಂಡು. ಮೂರಾದರೂ ನಡೆಯುತ್ತದೆ. ಐದು ಸೆಕೆಂಡ್ ದಾಟಿದರೆ ಮಗು ಫೋಕಸ್ ಮಾಡಲಾರದು. ಯಾಕೆಂದರೆ ಫೋಕಸ್ ತಿರುಗಿಸಲು ಮುಟ್ಟಲೇಬೇಕು. ಮುಟ್ಟಿದಾಗಲೆಲ್ಲ ಚಿತ್ರ ಕುಣಿಯುತ್ತದೆ. ಕುಣಿಯುವ ಚಿತ್ರದಲ್ಲಿ ಫೋಕಸ್ ಸರಿಯಾಯಿತೋ ಇಲ್ಲವೋ ಗೊತ್ತಾಗುವುದಿಲ್ಲ.

ಎರಡನೇ ಪರೀಕ್ಷೆಯನ್ನು ತುಂಬಾ ಜನ ಮಾಡುವುದಿಲ್ಲ. ಟೆಲಿಸ್ಕೋಪನ್ನು ಒಂದು ಗುರಿಗೆ ತಿರುಗಿಸಿ, ತಿರುಪು ಬಿಗಿ ಮಾಡಿ, ಕೈ ಬಿಡಿ. ಚಿತ್ರ ಇದ್ದಲ್ಲೇ ನಿಲ್ಲಬೇಕು. ಅಗ್ಗದ ಸ್ಟ್ಯಾಂಡಿನಲ್ಲಿ ಕೈ ಬಿಟ್ಟ ಕೂಡಲೇ ಕೊಳವೆ ಒಂದಿಷ್ಟು ಕೆಳಗೆ ಜಗ್ಗುತ್ತದೆ. ಆಗ ಮಗು ಚಂದ್ರನಿಗೆ ಗುರಿ ಇಟ್ಟರೂ ಕೈ ತೆಗೆದಾಗ ಅವನು ಇರುವುದಿಲ್ಲ.

ಮೂರನೆಯದು ನಮ್ಮ ಊರುಗಳಿಗೆ ವಿಶೇಷವಾಗಿ ಬೇಕು. ಕರ್ನಾಟಕ ಭೂಮಧ್ಯರೇಖೆಗೆ ಹತ್ತಿರ. ತುಮಕೂರು 13 ಡಿಗ್ರಿ ಉತ್ತರದಲ್ಲಿದೆ. ಹಾಗಾಗಿ ಇಲ್ಲಿ ಚಂದ್ರ, ಗುರು, ಶನಿ ಬಹಳ ಸಲ ನೆತ್ತಿಯ ಹತ್ತಿರ ಬರುತ್ತವೆ. ಯುರೋಪಿನಲ್ಲಿ ಹಾಗಲ್ಲ, ಅಲ್ಲಿ ಅವು ಓರೆಯಾಗಿಯೇ ಸಾಗುತ್ತವೆ. ನಾವು ಟೆಲಿಸ್ಕೋಪನ್ನು ನೇರ ಮೇಲಕ್ಕೆ ತಿರುಗಿಸಿದಾಗ ಕೊಳವೆಯ ಹಿಂಭಾಗ ಟ್ರೈಪಾಡಿನ ಕಾಲಿಗೆ ತಗಲುತ್ತದೆಯೇ ನೋಡಿ. ಉದ್ದ ಕೊಳವೆಯ ಲೆನ್ಸ್ ಟೆಲಿಸ್ಕೋಪುಗಳಲ್ಲಿ ಇದು ಸಾಮಾನ್ಯ. ಲೆನ್ಸ್ ಮಾದರಿಯಾದರೆ ಐಪೀಸ್ ಹಾಕುವ ಕಡೆ, ಒಳಗೆ ಓರೆಯಾಗಿ ಕನ್ನಡಿ ಕೂರಿಸಿದ ಬಾಗಿದ ತುಂಡು ಇರಲೇಬೇಕು. ಅದನ್ನು ಡಯಾಗನಲ್ ಎನ್ನುತ್ತಾರೆ. ಅದಿಲ್ಲದಿದ್ದರೆ ನೆತ್ತಿಯ ಚಂದ್ರನನ್ನು ನೋಡಲು ನೆಲದ ಮೇಲೆ ಮಲಗಬೇಕಾಗುತ್ತದೆ.

ಇದೇ ಕಾರಣಕ್ಕೆ ಮಕ್ಕಳಿಗೆ ಈಕ್ವಟೋರಿಯಲ್ ಸ್ಟ್ಯಾಂಡ್ ಬೇಡ ಎನ್ನುತ್ತೇನೆ. ಎದುರು ತೂಕದ ಕಡ್ಡಿ, ಎರಡು ಮೂರು ತಿರುಪು ಇರುವ, ನೋಡಲು ದೊಡ್ಡವರ ಉಪಕರಣದಂತೆ ಕಾಣುವ ಸ್ಟ್ಯಾಂಡು ಅದು. ಅದರ ಮುಖ್ಯ ಅಕ್ಷವನ್ನು ಧ್ರುವ ನಕ್ಷತ್ರದತ್ತ ತಿರುಗಿಸಿಡಬೇಕು. ನಮ್ಮಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಬರೀ 12ರಿಂದ 18 ಡಿಗ್ರಿ ಮೇಲಿರುತ್ತದೆ. ಎದುರಿಗೆ ಒಂದು ಮನೆಯೋ ಮರವೋ ಇದ್ದರೆ ಕಾಣುವುದೇ ಇಲ್ಲ. ಅಕ್ಷವನ್ನು ಅಷ್ಟು ಕೆಳಗೆ ಬಾಗಿಸಿದರೆ ಎದುರು ತೂಕ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಕೆಲವು ಸಣ್ಣ ಸ್ಟ್ಯಾಂಡುಗಳು ಅಷ್ಟು ಕೆಳಕ್ಕೆ ಸರಿಯಾಗಿ ಬಾಗುವುದೂ ಇಲ್ಲ. ಮಗುವಿಗೆ ಬೇಕಾದ್ದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗುವ ಸರಳ ಸ್ಟ್ಯಾಂಡ್. ಅಷ್ಟೇ.

ಆ ಸರಳ ಸ್ಟ್ಯಾಂಡುಗಳಲ್ಲಿ ನನಗೆ ಮೆಚ್ಚಿಗೆಯಾದದ್ದು ಮೇಜಿನ ಮೇಲೆ ಇಡುವ ಡಾಬ್ಸೋನಿಯನ್. ಜಾನ್ ಡಾಬ್ಸನ್ ಎಂಬವರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಸ್ತೆ ಬದಿ ಟೆಲಿಸ್ಕೋಪ್ ಇಟ್ಟು ಹೋಗಿ ಬರುವವರಿಗೆಲ್ಲ ಆಕಾಶ ತೋರಿಸುತ್ತಿದ್ದರು. ಅವರಿಂದ ಜನಪ್ರಿಯವಾದ ಮರದ ಪೆಟ್ಟಿಗೆಯಂಥ ಪೀಠ ಇದು. ತೆಳ್ಳನೆಯ ಕಾಲುಗಳಿಲ್ಲ. ಅಗಲವಾದ ತಳ ಗುಂಡಾಗಿ ತಿರುಗುತ್ತದೆ, ಕೊಳವೆ ಮೇಲೆ ಕೆಳಗೆ ವಾಲುತ್ತದೆ. ಮಗು ಕೈಯಿಂದ ತಳ್ಳಿದರೆ ಸಾಕು, ಬಿಟ್ಟಲ್ಲಿ ನಿಲ್ಲುತ್ತದೆ. ಸರಿಯಾಗಿ ನೆತ್ತಿಯ ಮೇಲಿರುವುದನ್ನು ಹಿಂಬಾಲಿಸುವುದು ಮಾತ್ರ ಇದರಲ್ಲಿ ಸ್ವಲ್ಪ ಕಷ್ಟ. ಅರ್ಧ ಗಂಟೆ ಕಾದರೆ ಅದು ಪಕ್ಕಕ್ಕೆ ಸರಿದಿರುತ್ತದೆ.

ಇದನ್ನು ಎಲ್ಲಿ ಇಡುತ್ತೀರಿ ಎಂಬುದೂ ಸ್ಟ್ಯಾಂಡಿನ ಭಾಗವೇ. ಪ್ಲಾಸ್ಟಿಕ್ ಕುರ್ಚಿ, ಮಡಚುವ ಮೇಜು ಬೇಡ. ಎಲ್ಲ ಸ್ಥಿರತೆ ಅಲ್ಲಿ ಹಾಳಾಗುತ್ತದೆ. ತಾರಸಿಯಲ್ಲಿ ಕಲ್ಲಿನ ಕಟ್ಟೆಯೋ ಮಟ್ಟವಾದ ಬಟ್ಟೆ ಒಗೆಯುವ ಕಲ್ಲೋ ಇದ್ದರೆ ಅದಕ್ಕಿಂತ ಒಳ್ಳೆಯ ಪೀಠ ಇಲ್ಲ. ಒಂದೂವರೆ ಅಡಿ ಎತ್ತರದ ಕಟ್ಟೆಯ ಮೇಲೆ ಇಟ್ಟರೆ ಐಪೀಸ್ ಎಂಟು ವರ್ಷದ ಮಗುವಿನ ಕಣ್ಣಿನ ಮಟ್ಟಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಮಗು ತುದಿಗಾಲಲ್ಲಿ ನಿಲ್ಲಬೇಕಾಗಿ ಬಂದರೆ ಸಮತೋಲಕ್ಕೆ ಕೊಳವೆಯನ್ನೇ ಹಿಡಿದುಕೊಳ್ಳುತ್ತದೆ. ಅಲ್ಲಿಗೆ ಎಲ್ಲ ಅಲುಗಿತು.

ಈಗಾಗಲೇ ಅಲುಗುವ ಟ್ರೈಪಾಡ್ ಮನೆಗೆ ಬಂದಿದ್ದರೆ? ಅಕ್ಕನ ಮನೆಯದ್ದನ್ನು ತಟ್ಟಿದಾಗ ಎಂಟು ಸೆಕೆಂಡ್ ನಡುಗಿತು. ಮೊದಲು ಕಾಲುಗಳನ್ನು ಪೂರ್ತಿ ಒಳಕ್ಕೆ ತಳ್ಳಿ ಗಿಡ್ಡ ಮಾಡಿದೆ. ಎಳೆದ ಕೆಳಗಿನ ಭಾಗವೇ ಅತಿ ತೆಳು, ನಡುಗುವುದು ಅಲ್ಲೇ. ಕಾಲುಗಳ ಕೀಲಿನ ನಟ್ಟುಗಳು ಸಡಿಲವಾಗಿದ್ದವು, ಬಿಗಿ ಮಾಡಿದೆ. ಮಧ್ಯದ ತಟ್ಟೆಯಿಂದ ಐದು ಕಿಲೋ ಅಕ್ಕಿಯ ಚೀಲವನ್ನು ಹಗ್ಗದಲ್ಲಿ ಇಳಿಬಿಟ್ಟೆ, ಕೆಳಭಾಗ ನೆಲಕ್ಕೆ ಸ್ವಲ್ಪ ತಾಗುವ ಹಾಗೆ. ಪೂರ್ತಿ ತೂಗಾಡಿದರೆ ಅದೇ ಲೋಲಕವಾಗುತ್ತದೆ. ಮಗುವನ್ನು ಚಾಪೆಯ ಮೇಲೆ ಮಂಡಿಯೂರಿ ಕೂರಿಸಿದೆ. ಮತ್ತೆ ತಟ್ಟಿದಾಗ ಮೂರು ಸೆಕೆಂಡಿಗೆ ಬಂತು.

ಎಲ್ಲಕ್ಕಿಂತ ಮೊದಲು ಬೈನಾಕ್ಯುಲರ್ ಸಾಕೇ?

ಏಳು ವರ್ಷದೊಳಗಿನ ಮಗುವಿಗೆ ನಾನು ಬೈನಾಕ್ಯುಲರ್ ಅನ್ನೇ ಹೇಳುತ್ತೇನೆ. ಎರಡೂ ಕಣ್ಣಿನಿಂದ ನೋಡಬಹುದು. ಚಿತ್ರ ನೆಟ್ಟಗೆ ಕಾಣುತ್ತದೆ, ತಲೆಕೆಳಗಲ್ಲ. ಹಗಲಿನಲ್ಲಿ ಹಕ್ಕಿಗಳನ್ನೂ ನೋಡಬಹುದು. ದುಡ್ಡು ಕಡಿಮೆ ಇದ್ದರೂ ಇದೇ ಮೇಲು. ಅಗ್ಗದ ಟೆಲಿಸ್ಕೋಪಿಗಿಂತ ಅದೇ ಬೆಲೆಯ ಬೈನಾಕ್ಯುಲರ್ ಹೆಚ್ಚು ತೋರಿಸುತ್ತದೆ.

ಬೈನಾಕ್ಯುಲರ್ ಮೇಲೆ 7×35, 8×40, 10×50 ಎಂದು ಬರೆದಿರುತ್ತದೆ. ಮೊದಲನೆಯದು ಪಟ್ಟು. ಎರಡನೆಯದು ಬಾಯಿಯ ಅಗಲ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಈ ಮೂರರಲ್ಲೂ 5 ಬರುತ್ತದೆ. ಅಂದರೆ ಕಣ್ಣಿಗೆ 5 ಮಿ.ಮೀ. ಅಗಲದ ಬೆಳಕಿನ ಕಂಬಿ ಬಂದು ಬೀಳುತ್ತದೆ. ರಾತ್ರಿ ನೋಡಲು 4ರಿಂದ 5 ಬಂದರೆ ಚೆನ್ನ. ಜೇಬಿನಲ್ಲಿ ಹಿಡಿಸುವ 8×21ರಲ್ಲಿ ಎರಡೂವರೆಯಷ್ಟೇ ಬರುತ್ತದೆ. ಕ್ರಿಕೆಟ್ ಮೈದಾನಕ್ಕೆ ಸರಿ, ಆಕಾಶಕ್ಕೆ ಮಂಕು.

ದೊಡ್ಡವರಿಗೆ ಎಲ್ಲರೂ 10×50 ಹೇಳುತ್ತಾರೆ. ಮಕ್ಕಳಿಗೆ ಬೇಡ. ಅದರ ತೂಕ ಒಂದು ಕಿಲೋದ ಹತ್ತಿರ ಇರುತ್ತದೆ. ಎರಡು ನಿಮಿಷದಲ್ಲಿ ಮಗುವಿನ ಕೈ ನಡುಗುತ್ತದೆ, 10 ಪಟ್ಟಿನಲ್ಲಿ ನಕ್ಷತ್ರಗಳು ಗೆರೆಗಳಾಗುತ್ತವೆ. ಆರೇಳು ವರ್ಷಕ್ಕೆ 6×30 ಸಿಕ್ಕರೆ ಅದು, ಇಲ್ಲವಾದರೆ 7×35. ಒಂಬತ್ತು ಹತ್ತು ವರ್ಷಕ್ಕೆ 8×40.

ಇನ್ನೊಂದು ಅಳತೆಯನ್ನು ಮನೆಯಲ್ಲೇ ಮಾಡಿಕೊಂಡು ಹೋಗಿ. ಮಗುವನ್ನು ಎದುರು ನಿಲ್ಲಿಸಿ, ನಿಮ್ಮ ಹಿಂದಿನ ದೂರದ ವಸ್ತುವನ್ನು ನೋಡಲು ಹೇಳಿ. ಸ್ಕೇಲನ್ನು ಮೂಗಿನ ಮೇಲೆ ಅಡ್ಡ ಹಿಡಿದು ಎರಡು ಪಾಪೆಗಳ ನಡುವಿನ ಅಂತರ ಅಳೆಯಿರಿ. ಸಣ್ಣ ಮಕ್ಕಳಲ್ಲಿ ಇದು 50 ಮಿ.ಮೀ. ಆಸುಪಾಸು ಇರುತ್ತದೆ. ದೊಡ್ಡವರಿಗಾಗಿ ಮಾಡಿದ ಎಷ್ಟೋ ಬೈನಾಕ್ಯುಲರುಗಳು 56 ಮಿ.ಮೀ.ಗಿಂತ ಕಿರಿದಾಗಿ ಮಡಚುವುದೇ ಇಲ್ಲ. ಆಗ ಮಗು ಒಂದು ಕಣ್ಣಲ್ಲಿ ಮಾತ್ರ ನೋಡುತ್ತದೆ, ಅಥವಾ ಕಪ್ಪು ಅರ್ಧಚಂದ್ರ ಕಾಣುತ್ತದೆ ಎನ್ನುತ್ತದೆ. ನಮಗೆ ಚೆನ್ನಾಗಿ ಕಾಣುವುದರಿಂದ ಮಗುವಿಗೆ ನೋಡಲು ಬರುವುದಿಲ್ಲ ಎಂದು ತಪ್ಪು ತಿಳಿಯುತ್ತೇವೆ. ಸಾಧ್ಯವಾದರೆ ಮಗುವನ್ನೇ ಅಂಗಡಿಗೆ ಕರೆದುಕೊಂಡು ಹೋಗಿ.

ಅಂಗಡಿಯಲ್ಲಿ ಬೈನಾಕ್ಯುಲರ್ ಕೈಗೆ ಕೊಟ್ಟಾಗ ಅದನ್ನು ಒಂದು ಅಡಿ ದೂರ ಹಿಡಿದು ಬೆಳಕಿನತ್ತ ತಿರುಗಿಸಿ. ಕಣ್ಣಿಡುವ ಲೆನ್ಸಿನಲ್ಲಿ ಬಿಳಿ ಬೊಟ್ಟು ಕಾಣುತ್ತದೆ. ಅದು ದುಂಡಗಿರಬೇಕು. ಅಂಚುಗಳು ಕತ್ತರಿಸಿದಂತೆ ಚೌಕವಾಗಿ, ಬೂದಾಗಿದ್ದರೆ ಒಳಗಿನ ಗಾಜು ಕಡಿಮೆ ದರ್ಜೆಯದು. ಆಮೇಲೆ ದೂರದ ಟವರನ್ನು ನೋಡಿ. ಎರಡು ಕಂಡರೆ, ಅಥವಾ ಕಣ್ಣು ಎಳೆದ ಹಾಗಾದರೆ ಎರಡು ಕೊಳವೆಗಳು ಒಂದೇ ಕಡೆ ನೋಡುತ್ತಿಲ್ಲ ಎಂದರ್ಥ. ಅದನ್ನು ಮನೆಯಲ್ಲಿ ಸರಿಮಾಡಲು ಆಗುವುದಿಲ್ಲ. ಮುಂದಿನ ಲೆನ್ಸ್ ಮಾಣಿಕ್ಯದ ಹಾಗೆ ಕೆಂಪಗೆ ಹೊಳೆಯುವುದು, ಪಟ್ಟು ಹೆಚ್ಚು ಕಡಿಮೆ ಮಾಡುವ ಜೂಮ್ ಇರುವುದು, ಇವೆರಡನ್ನೂ ಬಿಟ್ಟುಬಿಡಿ.

ಬೈನಾಕ್ಯುಲರಿಗೂ ಸ್ಟ್ಯಾಂಡ್ ಬೇಕು, ಆದರೆ ಅದು ಮನೆಯಲ್ಲೇ ಇದೆ. ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಎರಡೂ ಪಕ್ಕ ದಿಂಬು ಇಟ್ಟು ಮೊಣಕೈ ಊರಿಸಿ. ನೆತ್ತಿಯ ಮೇಲಿನ ಕೃತ್ತಿಕೆಯನ್ನು ನೋಡಲು ಇದಕ್ಕಿಂತ ಸುಖದ ದಾರಿ ಇಲ್ಲ. ಬರಿಗಣ್ಣಿಗೆ ಆರು ನಕ್ಷತ್ರ ಕಾಣುವ ಕಡೆ ಹತ್ತಾರು ಕಾಣುತ್ತವೆ. ಓರೆಯಾಗಿರುವುದನ್ನು ನೋಡಲು ಕಸ ಗುಡಿಸುವ ಉದ್ದ ಕೋಲನ್ನು ನೆಲಕ್ಕೆ ಊರಿ, ಅದರ ತುದಿಯ ಮೇಲೆ ಬೈನಾಕ್ಯುಲರ್ ಒರಗಿಸಿ ಹಿಡಿಯಲಿ. ಎಷ್ಟೋ ಬೈನಾಕ್ಯುಲರುಗಳ ಮುಂದಿನ ಕೀಲಿನಲ್ಲಿ ಸಣ್ಣ ಮುಚ್ಚಳ ಇರುತ್ತದೆ, ತಿರುಗಿಸಿ ತೆಗೆದರೆ ತಿರುಪಿನ ತೂತು. ಎಲ್ ಆಕಾರದ ಒಂದು ಪಟ್ಟಿ ಕೊಂಡರೆ ಮನೆಯಲ್ಲಿರುವ ಕ್ಯಾಮೆರಾ ಟ್ರೈಪಾಡಿಗೆ ಕೂರಿಸಬಹುದು.

ಹಾಗಾದರೆ ಯಾವುದು ಕೊಳ್ಳುವುದು?

ಏಳೆಂಟು ವರ್ಷಕ್ಕೆ 7×35 ಬೈನಾಕ್ಯುಲರ್, ಅಥವಾ ಟೆಲಿಸ್ಕೋಪೇ ಬೇಕು ಎಂದರೆ ಮೇಜಿನ ಮೇಲಿಡುವ 76 ಮಿ.ಮೀ. ಡಾಬ್ಸೋನಿಯನ್. ಅದರ ನಾಭಿದೂರ ಸಾಮಾನ್ಯವಾಗಿ 300. 20ರ ಐಪೀಸಿಗೆ ಬರೀ 15 ಪಟ್ಟು, ಇಡೀ ಕೃತ್ತಿಕೆ ಒಂದೇ ನೋಟದಲ್ಲಿ ಸಿಗುತ್ತದೆ. ಆದರೆ ಇದರಲ್ಲಿ ಶನಿ ಬಹಳ ಚಿಕ್ಕದು, 50 ಪಟ್ಟು ದಾಟಿದರೆ ಚಿತ್ರ ಮಸುಕಾಗುತ್ತದೆ. ಹತ್ತು ವರ್ಷ ದಾಟಿದ, ಆಸಕ್ತಿ ಉಳಿದಿರುವ ಮಗುವಿಗೆ 114 ಅಥವಾ 130 ಮಿ.ಮೀ. ಮೇಜಿನ ಡಾಬ್ಸೋನಿಯನ್. ಶಾಲೆ ಮುಗಿಯುವವರೆಗೂ ಸಾಕಾಗುತ್ತದೆ. ಇದರ ಕನ್ನಡಿಗಳನ್ನು ಆಗಾಗ ತಿರುಪಿನಿಂದ ಸರಿಹೊಂದಿಸಬೇಕು. ಅದನ್ನು ಕಲಿಯುವ ಮನಸ್ಸಿಲ್ಲದ ಮನೆಗೆ 70 ಮಿ.ಮೀ. ಲೆನ್ಸ್ ಟೆಲಿಸ್ಕೋಪ್ ಒಳ್ಳೆಯದು, ಟ್ರೈಪಾಡ್ ತಟ್ಟುವ ಪರೀಕ್ಷೆಯಲ್ಲಿ ಪಾಸಾದರೆ. 114 ಮಿ.ಮೀ.ಯಲ್ಲಿ ಒಂದು ಮಾದರಿ ಬಿಡಿ: ನಾಭಿದೂರ 1000 ಎಂದು ಬರೆದಿದ್ದು ಕೊಳವೆ ಮಾತ್ರ ಒಂದೂವರೆ ಅಡಿ ಇದ್ದರೆ, ಐಪೀಸ್ ಕೊಳವೆಯೊಳಗೆ ಇನ್ನೊಂದು ಲೆನ್ಸ್ ಸೇರಿಸಿರುತ್ತಾರೆ. ಅದರಲ್ಲಿ ಚಿತ್ರ ಹರಿತವಾಗಿ ಬರುವುದು ಅಪರೂಪ.

ಕೊಳ್ಳುವ ಮೊದಲು ಒಮ್ಮೆ ನೋಡಬೇಕೆನಿಸಿದರೆ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದಂಥ ಕಡೆ ಆಕಾಶ ವೀಕ್ಷಣೆ ಏರ್ಪಡಿಸಿದಾಗ ಮಗುವನ್ನು ಕರೆದುಕೊಂಡು ಹೋಗಿ. ಬೇರೆ ಬೇರೆ ಅಗಲದಲ್ಲಿ ಒಂದೇ ಚಂದ್ರ ಹೇಗೆ ಕಾಣುತ್ತಾನೆ ಎಂಬುದನ್ನು ಕಣ್ಣಾರೆ ನೋಡಿದ ಮೇಲೆ ಡಬ್ಬದ ಮಾತು ಕೇಳಬೇಕಾಗಿಲ್ಲ.

ಮೊದಲ ರಾತ್ರಿ

ಮೊದಲ ರಾತ್ರಿಯ ಕೆಲಸ ಹಗಲಲ್ಲೇ ಶುರುವಾಗಬೇಕು. ಗುರಿ ಹಿಡಿಯಲು ಕೊಳವೆಯ ಮೇಲೆ ಕೂರಿಸಿದ ಪುಟ್ಟ ಫೈಂಡರ್ ಮತ್ತು ಟೆಲಿಸ್ಕೋಪ್ ಒಂದೇ ಕಡೆ ನೋಡುವಂತೆ ಮಾಡಬೇಕು. ಒಂದು ಕಿಲೋಮೀಟರ್ ಆದರೂ ದೂರದ, ಸೂರ್ಯನಿಗೆ ಬೆನ್ನು ಹಾಕಿದ ಕಡೆಯ ಟವರಿನ ತುದಿಯನ್ನು ಕಡಿಮೆ ಪಟ್ಟಿನ ಐಪೀಸಿನ ಮಧ್ಯಕ್ಕೆ ತನ್ನಿ. ಕೊಳವೆ ಅಲುಗಿಸದೆ ಫೈಂಡರಿನ ತಿರುಪುಗಳನ್ನು ತಿರುಗಿಸಿ ಅದೇ ತುದಿ ಅಲ್ಲಿಯೂ ಮಧ್ಯಕ್ಕೆ ಬರಲಿ. ಅಕ್ಕನ ಮಗಳಿಗೆ ಅರ್ಧ ಗಂಟೆ ಚಂದ್ರ ಸಿಗದೆ ಇದ್ದದ್ದಕ್ಕೆ ಈ ಕೆಲಸ ಯಾರೂ ಮಾಡದಿದ್ದದ್ದೂ ಒಂದು ಕಾರಣ.

ಹಗಲಿನ ಮಾತು ಬಂದಾಗ ಇದನ್ನು ಹೇಳಲೇಬೇಕು. ಬೈನಾಕ್ಯುಲರಿನಲ್ಲಾಗಲಿ ಟೆಲಿಸ್ಕೋಪಿನಲ್ಲಾಗಲಿ ಫೈಂಡರಿನಲ್ಲಾಗಲಿ ಸೂರ್ಯನನ್ನು ಒಂದು ಕ್ಷಣ ನೋಡಿದರೂ ಕಣ್ಣು ಹೋಗುತ್ತದೆ. ನೋವೇ ಆಗುವುದಿಲ್ಲ, ಮಗು ಕಿರುಚುವುದೂ ಇಲ್ಲ. ಡಬ್ಬದಲ್ಲಿ ಐಪೀಸಿಗೆ ತಿರುಗಿಸಿ ಹಾಕುವ, ಸೂರ್ಯನ ಫಿಲ್ಟರ್ ಎಂದು ಬರೆದ ಕಪ್ಪು ಗಾಜು ಇದ್ದರೆ ಸುತ್ತಿಗೆಯಿಂದ ಒಡೆದು ಕಸಕ್ಕೆ ಹಾಕಿ. ಬೆಳಕೆಲ್ಲ ಸೇರುವ ಜಾಗದಲ್ಲಿ ಅದು ಕೂರುತ್ತದೆ, ಬಿಸಿಗೆ ಸೀಳಬಹುದು. ಹಗಲಲ್ಲಿ ಮಗು ಒಂದೇ ಇರುವಾಗ ಉಪಕರಣ ಅದರ ಕೈಗೆ ಸಿಗಬಾರದು.

ಚಂದ್ರನನ್ನು ನೋಡಲು ಹುಣ್ಣಿಮೆ ಆರಿಸಬೇಡಿ. ಅಂದು ಬೆಳಕು ನೇರ ಬೀಳುತ್ತದೆ, ನೆರಳಿಲ್ಲ, ಕುಳಿಗಳು ಕಾಣುವುದಿಲ್ಲ. ಶುಕ್ಲ ಪಕ್ಷದ ಪಂಚಮಿಯಿಂದ ದಶಮಿಯವರೆಗೆ ಒಳ್ಳೆಯದು. ಬೆಳಕು ಕತ್ತಲು ಸೇರುವ ಗೆರೆಯ ಉದ್ದಕ್ಕೂ ನೋಡಿ. ಮಳೆಗಾಲದಲ್ಲಿ ಉಪಕರಣವನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬದಲ್ಲಿಡಿ, ಇಲ್ಲದಿದ್ದರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ನಮ್ಮ ಬಯಲುಸೀಮೆಯ ಆಕಾಶ ಬಹಳ ಶುಭ್ರ.

ಅಂದು ರಾತ್ರಿ 20ರ ಐಪೀಸ್ ಹಾಕಿ, ಗಿಡ್ಡ ಮಾಡಿದ ಟ್ರೈಪಾಡಿನ ಮುಂದೆ ಚಾಪೆಯ ಮೇಲೆ ಹುಡುಗಿಯನ್ನು ಕೂರಿಸಿದೆ. ಟೆಲಿಸ್ಕೋಪ್ ಮುಟ್ಟದೆ, ಕೈಗಳನ್ನು ತೊಡೆಯ ಮೇಲಿಟ್ಟು ನೋಡು ಎಂದೆ. ಸುಮಾರು ಹೊತ್ತು ಮಾತೇ ಇಲ್ಲ. ಆಮೇಲೆ "ಮಾಮ, ಇಲ್ಲೊಂದು ಗುಂಡಿ, ಅದರ ಮಧ್ಯ ಒಂದು ಗುಡ್ಡ" ಎಂದಳು. ಗುರು ಮೇಲೇರಿದ ಮೇಲೆ ಅದನ್ನೂ ತೋರಿಸಿದೆ. ಅವಳು ನೋಟ್ ಪುಸ್ತಕದಲ್ಲಿ ಒಂದು ಸೊನ್ನೆ ಬರೆದು, ಎಡಕ್ಕೆ ಒಂದು ಚುಕ್ಕಿ, ಬಲಕ್ಕೆ ಮೂರು ಚುಕ್ಕಿ ಇಟ್ಟಳು. ಮರುದಿನ ಅದೇ ಹೊತ್ತಿಗೆ ಅವಳೇ ಗುರಿ ಇಟ್ಟು ನೋಡಿ ಮತ್ತೆ ಬರೆದಳು. ಆ ದಿನ ಎಡಕ್ಕೆ ಎರಡು, ಬಲಕ್ಕೆ ಎರಡು ಇದ್ದವು.